ಎಸ್ಕ್ರೋಗೆ 5 ವರ್ಷ ದುಡ್ಡು ಕಟ್ಟಿದೆವು, ಕೊನೆಗೆ ಸಿಕ್ಕಿದ್ದು ಹಳೇ ಪೆನ್‌ಡ್ರೈವ್

ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಮ್ಯಾನೇಜರ್. ಸಾಫ್ಟ್‌ವೇರ್ ಕೊಳ್ಳುವಾಗ 'ಎಸ್ಕ್ರೋ ಇದೆ, ಭಯ ಇಲ್ಲ' ಅಂತ ಯಾರಾದರೂ ನಿಮಗೆ ಹೇಳಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮಲ್ಲಿ 11 ಜನ ಪಿಗ್ಮಿ ಏಜೆಂಟರಿದ್ದಾರೆ. ಮಂಡಿಪೇಟೆ, ಚೌಕಿಪೇಟೆ ಅಂಗಡಿಗಳಲ್ಲಿ ದಿನಾ ದುಡ್ಡು ಕಲೆಕ್ಟ್ ಮಾಡಿ, ಮೊಬೈಲ್ ಆ್ಯಪ್‌ನಲ್ಲಿ ಎಂಟ್ರಿ ಹಾಕಿ, ರಶೀದಿ ಕೊಡುತ್ತಾರೆ. ಆ್ಯಪ್ ಮತ್ತು ಆಫೀಸಿನ ಸಾಫ್ಟ್‌ವೇರ್ ಎರಡೂ ಒಂದೇ ಸಣ್ಣ ಕಂಪನಿಯದು. 2019ರಲ್ಲಿ ಲೈಸೆನ್ಸ್ ತಗೊಂಡಾಗ ನಮ್ಮ ಅಧ್ಯಕ್ಷರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು: "ನಾಳೆ ನಿಮ್ಮ ಕಂಪನಿ ಬಾಗಿಲು ಹಾಕಿದ್ರೆ ನಮ್ಮ ಗತಿ ಏನ್ರೀ?" ಅದಕ್ಕೆ ಬಂದ ಉತ್ತರವೇ ಎಸ್ಕ್ರೋ. ಕಂಪನಿಯವರು ಪ್ರೋಗ್ರಾಂನ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಮೂರನೆಯವರಾದ ಎಸ್ಕ್ರೋ ಏಜೆಂಟರ ಹತ್ತಿರ ಇಡುತ್ತಾರೆ. ಒಪ್ಪಂದದಲ್ಲಿ ಬರೆದ ಘಟನೆ ನಡೆದರೆ ಏಜೆಂಟರು ಅದನ್ನು ನಮಗೆ ಕೊಡುತ್ತಾರೆ. ವರ್ಷಕ್ಕೆ 40 ಸಾವಿರ ಫೀ, ನಮ್ಮದೇ ಖರ್ಚು. ಸಹಿ ಹಾಕಿದೆವು. 'ಒಪ್ಪಂದದಲ್ಲಿ ಬರೆದ ಘಟನೆ' ಯಾವುದು ಅಂತ ನಾನು ನಿಧಾನವಾಗಿ ಓದಲಿಲ್ಲ. ಅದು ನನ್ನ ತಪ್ಪು.

2024ರ ಜನವರಿಯಲ್ಲಿ ನಮ್ಮ ಏಜೆಂಟರೊಬ್ಬರು ಹೊಸ ಫೋನ್ ತಗೊಂಡು ಬಂದರು. "ಸಾರ್, ಆ್ಯಪ್ ಹಾಕಕ್ಕೇ ಆಗ್ತಿಲ್ಲ." ಅದರಲ್ಲಿ ಆಂಡ್ರಾಯ್ಡ್ 14 ಇತ್ತು. ತುಂಬಾ ಹಳೇ ಆಂಡ್ರಾಯ್ಡ್‌ಗೆ ಅಂತ ಬರೆದ ಆ್ಯಪ್‌ಗಳನ್ನು ಅದು ಒಳಗೇ ಬಿಡುವುದಿಲ್ಲ. ನಮ್ಮ ಆ್ಯಪ್‌ನಲ್ಲಿದ್ದ ಸಾಲು ಇದು:

```
targetSdkVersion 22
```

ಆಂಡ್ರಾಯ್ಡ್ 14ಕ್ಕೆ ಇದು ಕಡೇಪಕ್ಷ 23 ಇರಬೇಕು. ನಂಬರ್ ಬದಲಿಸಿ, ಫೋನಿನ ಅನುಮತಿ ಕೇಳುವ ಭಾಗವನ್ನು ಸ್ವಲ್ಪ ತಿದ್ದಿದರೆ ಮುಗಿಯುವ ಕೆಲಸ. ಆದರೆ ಸೋರ್ಸ್ ಕೋಡ್ ಬೇಕಲ್ಲ. ಕಂಪನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮೇಲ್‌ಗೆ ಉತ್ತರ ಇಲ್ಲ. ಹುಡುಗನೊಬ್ಬನನ್ನು ಅವರ ಆಫೀಸಿಗೇ ಕಳಿಸಿದೆವು. ಬೀಗ ಹಾಕಿ ಮೂರು ತಿಂಗಳಾಗಿದೆ ಅಂದರಂತೆ ಪಕ್ಕದವರು.

ಎಸ್ಕ್ರೋ ಏಜೆಂಟರಿಗೆ ಪತ್ರ ಬರೆದೆ. ಸಪೋರ್ಟ್ ನಿಂತಿದೆ, ಆಫೀಸಿಗೆ ಬೀಗ ಬಿದ್ದಿದೆ, ಕೋಡ್ ಕೊಡಿ ಅಂತ. ಒಂದು ವಾರಕ್ಕೆ ಉತ್ತರ ಬಂತು: ನೀವು ಹೇಳುವ ಕಾರಣ ಪಟ್ಟಿಯಲ್ಲಿಲ್ಲ.

ಆಗ ಒಪ್ಪಂದ ತೆಗೆದು ಓದಿದೆ. ಪಟ್ಟಿಯಲ್ಲಿ ಇದ್ದದ್ದು ಮೂರೇ. ಕಂಪನಿಯ ವಿರುದ್ಧದ ದಿವಾಳಿ ಅರ್ಜಿಯನ್ನು ಕಂಪನಿ ವ್ಯವಹಾರಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ದಾಖಲಿಸಿಕೊಳ್ಳಬೇಕು, ಇಲ್ಲಾ ಕಂಪನಿ ಮುಚ್ಚುವ ಆದೇಶ ಆಗಬೇಕು, ಇಲ್ಲಾ ಕಂಪನಿಯವರೇ 'ಕೊಡಿ' ಅಂತ ಬರೆದುಕೊಡಬೇಕು. ಓದಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಸಣ್ಣ ಸಾಫ್ಟ್‌ವೇರ್ ಕಂಪನಿಗಳು ಹೀಗೆ ಸಾಯುವುದಿಲ್ಲ. ಒಂದು ದಿನ ಸುಮ್ನೆ ಫೋನ್ ಎತ್ತುವುದನ್ನು ನಿಲ್ಲಿಸುತ್ತವೆ, ಅಷ್ಟೇ. ನಾವೇ ದಿವಾಳಿ ಅರ್ಜಿ ಹಾಕೋಣ ಅಂದರೆ, 2020ರ ಮಾರ್ಚ್‌ನಿಂದ ಬಾಕಿ ಕಡೇಪಕ್ಷ 1 ಕೋಟಿ ಇರಬೇಕು. ಅವರಿಂದ ನಮಗೆ ಬರಬೇಕಿದ್ದದ್ದು ಮುಂಗಡ ಕಟ್ಟಿದ್ದ ವಾರ್ಷಿಕ ನಿರ್ವಹಣೆಯ 2 ಲಕ್ಷ ಚಿಲ್ಲರೆ. ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿದರೆ ಆ ಕಂಪನಿಯ ಸ್ಥಿತಿ ಇನ್ನೂ `Active`! ವ್ಯವಹಾರ ಇಲ್ಲ ಅಂತ ಕಂಪನಿಗಳ ರಿಜಿಸ್ಟ್ರಾರ್ ತಾವಾಗಿಯೇ ಹೆಸರು ಹೊಡೆದುಹಾಕಬೇಕಾದರೆ ಸಾಮಾನ್ಯವಾಗಿ ಎರಡು ಹಣಕಾಸು ವರ್ಷ ವ್ಯವಹಾರ ನಿಂತಿರಬೇಕು. ಹೊಡೆದುಹಾಕಿದ್ದರೂ ನಮಗೆ ಉಪಯೋಗ ಇರಲಿಲ್ಲ, ಅದೂ ಪಟ್ಟಿಯಲ್ಲಿ ಇರಲಿಲ್ಲ.

ಕೊನೆಗೆ ದಾರಿ ಮೂರನೆಯದು ಮಾತ್ರ. ಕಂಪನಿಯ ಒಬ್ಬ ಡೈರೆಕ್ಟರನ್ನು ಹುಡುಕಿ, ಮನೆಗೆ ಹೋಗಿ, ಕೈಮುಗಿದು ಸಹಿ ತಗೊಳ್ಳುವಷ್ಟರಲ್ಲಿ 7 ತಿಂಗಳಾಗಿತ್ತು. ಅಷ್ಟರಲ್ಲಿ ನಾಲ್ಕು ಪಿಗ್ಮಿ ಏಜೆಂಟರ ಫೋನ್ ಹೊಸದಾಗಿ, ಅವರು ಪುಸ್ತಕದಲ್ಲಿ ಬರೆದು ಸಂಜೆ ಆಫೀಸಿಗೆ ಬಂದು ಎಂಟ್ರಿ ಮಾಡಿಸುತ್ತಿದ್ದರು.

ಪೆನ್‌ಡ್ರೈವ್ ಬಂತು. ನಮ್ಮೂರಿನ ಒಬ್ಬ ಒಳ್ಳೇ ಹುಡುಗ, ಎಂಜಿನಿಯರ್, ಕೂತು ತೆಗೆದ. ಅರ್ಧ ಗಂಟೆಗೆ ಅವನ ಮುಖ ಸಪ್ಪೆಯಾಯಿತು. "ಸಾರ್, ಇದು ವರ್ಶನ್ 2.1. ನೀವು ಓಡಿಸ್ತಿರೋದು 4.6 ಅಲ್ವಾ?" 2019ರಲ್ಲಿ ಒಂದು ಸಲ ಇಟ್ಟವರು ಮತ್ತೆ ಏನೂ ಇಟ್ಟಿಲ್ಲ. ಹೊಸ ವರ್ಶನ್ ಬಂದಾಗ ಇಡಬೇಕು ಅಂತ ಒಪ್ಪಂದದಲ್ಲಿತ್ತು, ಎಷ್ಟು ದಿನದೊಳಗೆ ಅಂತ ಇರಲಿಲ್ಲ, ಇಡದಿದ್ದರೆ ನಮಗೆ ಯಾರು ತಿಳಿಸಬೇಕು ಅಂತಲೂ ಇರಲಿಲ್ಲ. ಎಸ್ಕ್ರೋ ಏಜೆಂಟರು ನೋಡಿದ್ದು ಫೈಲ್ ತೆರೆಯುತ್ತದಾ, ವೈರಸ್ ಇಲ್ವಾ ಅನ್ನುವಷ್ಟೇ. ಅದರಿಂದ ಆ್ಯಪ್ ತಯಾರಾಗುತ್ತದಾ ಅಂತ ಪರೀಕ್ಷಿಸುವ ಸೇವೆ ಬೇರೆ, ಅದಕ್ಕೆ ಬೇರೆ ಫೀ. ನಾವು ತಗೊಂಡಿರಲಿಲ್ಲ.

ಆದರೂ ಅವನು ಬಿಡಲಿಲ್ಲ. ಬಿಲ್ಡ್ ಮಾಡಲು, ಅಂದರೆ ಕೋಡಿನಿಂದ ಆ್ಯಪ್ ತಯಾರಿಸಲು, ಹೋದರೆ ರಶೀದಿ ಪ್ರಿಂಟರ್‌ನ ಲೈಬ್ರರಿ, ಅಂದರೆ ಪ್ರಿಂಟ್ ಮಾಡಿಸುವ ಸಿದ್ಧ ಕೋಡ್, ಸಿಗಲಿಲ್ಲ, ಅದು ಆ ಕಂಪನಿಯ ಒಳಗಿನ ಸರ್ವರ್‌ನಲ್ಲಿ ಇದ್ದದ್ದು, ಈಗ ಆ ಸರ್ವರೇ ಇಲ್ಲ. ಅದನ್ನು ಪಕ್ಕಕ್ಕಿಟ್ಟು, ಪ್ರಿಂಟ್ ಇಲ್ಲದೆಯೇ ಒಂದು ಆ್ಯಪ್ ಮಾಡಿ ಹಳೇ ಫೋನಿಗೆ ಹಾಕಲು ಹೋದರೆ:

```
INSTALL_FAILED_UPDATE_INCOMPATIBLE
```

ಇದು ನನಗೆ ಹೊಸ ವಿಷಯ, ನಿಮಗೂ ಇರಬಹುದು. ಪ್ರತಿ ಆಂಡ್ರಾಯ್ಡ್ ಆ್ಯಪ್‌ಗೆ ಮಾಡಿದವರು ಒಂದು ಡಿಜಿಟಲ್ ಕೀಲಿಯಿಂದ ಸಹಿ ಹಾಕಿರುತ್ತಾರೆ. ಅದೇ ಕೀಲಿ ಇಲ್ಲದೆ ಹಳೇ ಆ್ಯಪ್ ಮೇಲೆ ಹೊಸದನ್ನು ಹಾಕಲು ಆಗುವುದಿಲ್ಲ. ಹಳೆಯದನ್ನು ತೆಗೆದೇ ಹಾಕಬೇಕು, ತೆಗೆದರೆ ಇನ್ನೂ ಸರ್ವರ್‌ಗೆ ಹೋಗದ ಕಲೆಕ್ಷನ್ ಎಂಟ್ರಿ ಅಳಿಸಿಹೋಗುತ್ತದೆ. ಕೀಲಿ ಎಸ್ಕ್ರೋದಲ್ಲಿ ಇರಲಿಲ್ಲ. 'ಸೋರ್ಸ್ ಕೋಡ್' ಅಂತ ಬರೆದಿದ್ದಾಗ ಕೀಲಿ ಅದರೊಳಗೆ ಬರುವುದಿಲ್ಲ. ಡೈರೆಕ್ಟರನ್ನು ಕೇಳಿದರೆ, ಕೀಲಿ ಇದ್ದ ಲ್ಯಾಪ್‌ಟಾಪ್ ಯಾವಾಗಲೋ ಫಾರ್ಮ್ಯಾಟ್ ಆಗಿದೆ ಅಂದರು. ಎಂಟ್ರಿಗಳನ್ನೆಲ್ಲ ಮೊದಲು ಸರ್ವರ್‌ಗೆ ಕಳಿಸಿ, ಒಂದು ಫೋನಿನಲ್ಲಿ ಹೊಸದಾಗಿ ಹಾಕಿ ನೋಡಿದೆವು. ಲಾಗಿನ್ ಆಗಲಿಲ್ಲ. ನಮ್ಮ ಸರ್ವರ್ 4.6, ಈ ಆ್ಯಪ್ ಹೇಳುವುದು ಅದಕ್ಕೆ ಅರ್ಥವೇ ಆಗುವುದಿಲ್ಲ.

ಇನ್ನೊಂದು ಮಾತು. ನಮ್ಮ ವಕೀಲರು ಆಮೇಲೆ ತೋರಿಸಿದ್ದು: ಬಿಡುಗಡೆಯಾದ ಕೋಡನ್ನು ಸಂಘದ 'ನೌಕರರು' ಮಾತ್ರ, ಸಂಘದ ಒಳಬಳಕೆಗೆ ಮಾತ್ರ ತಿದ್ದಬಹುದು ಅಂತ ಇತ್ತು. ಕೋಡ್ ಕೈಗೆ ಬಂದರೂ ಹಕ್ಕು ಕಂಪನಿಯದೇ. ನಮ್ಮ ನೌಕರರಲ್ಲಿ ಕೋಡ್ ಬರೆಯುವವರು ಯಾರಿದ್ದಾರೆ? ಹೊರಗಿನ ಹುಡುಗನ ಕೈಗೆ ಕೊಟ್ಟದ್ದೇ ಒಪ್ಪಂದ ಮುರಿದಂತೆ ಆಗಿತ್ತು.

ಡೇಟಾಬೇಸ್ ನಮ್ಮ ಆಫೀಸಿನ ಸರ್ವರ್‌ನಲ್ಲೇ ಇದ್ದದ್ದರಿಂದ ಸದಸ್ಯರ ದುಡ್ಡಿನ ಲೆಕ್ಕ ಒಂದು ಪೈಸೆ ತಪ್ಪಲಿಲ್ಲ. ಬೇರೆ ಸಾಫ್ಟ್‌ವೇರ್‌ಗೆ ಹೋದೆವು, ಅದಕ್ಕೆ ಇನ್ನೂ 4 ತಿಂಗಳು.

ಹೊಸ ಒಪ್ಪಂದದಲ್ಲಿ ಬಿಡುಗಡೆಯ ಕಾರಣಗಳಿಗೆ ದಿನ ಹಾಕಿಸಿದ್ದೇವೆ. ಕೆಲಸ ನಿಲ್ಲಿಸುವಂಥ ದೋಷಕ್ಕೆ 30 ದಿನ ಉತ್ತರ ಬರದಿದ್ದರೆ ಅದೇ ಕಾರಣ. ನಾವು ಕೇಳಿದಾಗ ಎಸ್ಕ್ರೋ ಏಜೆಂಟರು ಕಂಪನಿಗೆ ನೋಟಿಸ್ ಕೊಡುತ್ತಾರೆ, 10 ಕೆಲಸದ ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ ಕೊಡಲೇಬೇಕು. ಆಕ್ಷೇಪಣೆ ಬಂದರೆ ಪಂಚಾಯ್ತಿದಾರರ ಮುಂದೆ ಹೋಗುತ್ತದೆ, ಅದು ತಪ್ಪಿದ್ದಲ್ಲ, ಆದರೆ ಬಾಗಿಲು ಹಾಕಿದವರು ಆಕ್ಷೇಪಣೆ ಬರೆಯಲು ಬರುವುದು ಕಡಿಮೆ. ಹೊಸ ವರ್ಶನ್ ನಮ್ಮಲ್ಲಿ ಹಾಕಿದ 15 ದಿನದೊಳಗೆ ಎಸ್ಕ್ರೋಗೆ ಹೋಗಬೇಕು, ಏಜೆಂಟರು ನಮಗೆ ಮೇಲ್ ಮಾಡಬೇಕು. ಕೀಲಿ, ಅದರ ಪಾಸ್‌ವರ್ಡ್, ಒಳಗಿನ ಲೈಬ್ರರಿಗಳು, ಬಿಲ್ಡ್ ಮಾಡುವ ಕ್ರಮ ಎಲ್ಲವನ್ನೂ ಹೆಸರು ಹಿಡಿದು ಬರೆಸಿದ್ದೇವೆ. 'ನೌಕರರು' ಇದ್ದಲ್ಲಿ 'ನೌಕರರು ಮತ್ತು ಸಂಘ ನೇಮಿಸಿದ ಗುತ್ತಿಗೆದಾರರು' ಅಂತಾಗಿದೆ.

ಕಳೆದ ತಿಂಗಳು ಖಾಲಿ ಲ್ಯಾಪ್‌ಟಾಪ್ ಒಂದರಲ್ಲಿ, ಎಸ್ಕ್ರೋದಲ್ಲಿ ಇಟ್ಟದ್ದನ್ನು ಮಾತ್ರ ಬಳಸಿ, ಏಜೆಂಟರ ಕಡೆಯವರು ಆ್ಯಪ್ ಬಿಲ್ಡ್ ಮಾಡಿದರು. ಹಳೇ ಆ್ಯಪ್ ತೆಗೆಯದೆ ಅದರ ಮೇಲೇ ಹಾಕಿದೆವು. ಮಂಡಿಪೇಟೆಯ ಏಜೆಂಟರು 50 ರೂಪಾಯಿಯ ಒಂದು ಎಂಟ್ರಿ ಹಾಕಿದರು, ರಶೀದಿ ಬಂತು.