ಚಿಕ್ಕಮಗಳೂರಿನ ಚಳಿಯಲ್ಲಿ ಎಲೆಕ್ಟ್ರಿಕ್ ಕಾರು: ಪ್ರೀಕಂಡಿಷನಿಂಗ್ ಬಟನ್ ನಿಜಕ್ಕೂ ಏನು ಮಾಡುತ್ತದೆ?

ಕಾರಿನ ಅಳತೆ, ಡಿಕ್ಕಿಯ ಜಾಗ, ಸ್ಕ್ರೀನಿನ ಗಾತ್ರ ಎಲ್ಲವನ್ನೂ ನೀವು ಈಗಾಗಲೇ ಬೇರೆ ಕಡೆ ನೋಡಿರುತ್ತೀರಿ. ಹಾಗಾಗಿ ಅದನ್ನೆಲ್ಲ ಬಿಟ್ಟು, ಈ ಕಾರಿನಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಒಂದು ಬಟನ್ ಬಗ್ಗೆ ಬರೆಯುತ್ತೇನೆ. ಆ್ಯಪ್‌ನಲ್ಲಿ ‘ಪ್ರೀಕಂಡಿಷನಿಂಗ್’ ಎಂದು ಬರೆದಿರುವ ಬಟನ್ ಅದು.

ಹಿನ್ನೆಲೆಗೆ ಬೇಕಾದಷ್ಟೇ ಹೇಳುತ್ತೇನೆ. 30 ಯೂನಿಟ್ ಬಳಕೆಗೆ ಸಿಗುವ, ಎಲ್‌ಎಫ್‌ಪಿ ಎಂಬ ಬಗೆಯ ಲಿಥಿಯಂ ಬ್ಯಾಟರಿಯ ಚಿಕ್ಕ ಕಾರು, ಮನೆಯಲ್ಲಿ 16 ಆ್ಯಂಪ್ ಸಾಕೆಟ್‌ನಿಂದ 3.3 ಕಿಲೋವ್ಯಾಟ್ ಚಾರ್ಜಿಂಗ್. ಬಿಸಿಲಿನ ದಿನಗಳಲ್ಲಿ ಒಂದು ಯೂನಿಟ್‌ಗೆ 8 ಕಿಲೋಮೀಟರ್ ಸಲೀಸಾಗಿ ಬರುತ್ತದೆ, ಅಂದರೆ ಫುಲ್ ಚಾರ್ಜ್‌ಗೆ 240. ಅರೇಬಿಕಾ ಕೊಯ್ಲಿನ ಸಮಯದ ಬೆಳಗಿನ ಜಾವ, ಹೊರಗೆ 13 ಡಿಗ್ರಿ ಇದ್ದಾಗ, ಅದೇ ಕಾರು ಅದೇ ಹಾಸನದ ರಸ್ತೆಯಲ್ಲಿ ಯೂನಿಟ್‌ಗೆ 6 ಚಿಲ್ಲರೆ ಕಿಲೋಮೀಟರ್‌ಗೆ ಇಳಿಯುತ್ತದೆ. ‘ಹೊರಡುವ ಮುಂಚೆ ಪ್ರೀಕಂಡಿಷನಿಂಗ್ ಹಾಕಿ, ಬ್ಯಾಟರಿ ಬೆಚ್ಚಗಾಗುತ್ತದೆ, ರೇಂಜ್ ವಾಪಸ್ ಬರುತ್ತದೆ’ ಎಂದು ಶೋರೂಮಿನಲ್ಲಿ ಹೇಳಿ ಕಳಿಸುತ್ತಾರೆ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಂದು ಒಬಿಡಿ ಡಾಂಗಲ್ ಸಿಕ್ಕಿಸಿದರೆ ಸೆಲ್‌ಗಳ ತಾಪಮಾನ ಫೋನಿನಲ್ಲೇ ಕಾಣುತ್ತದೆ. ರಾತ್ರಿಯಿಡೀ ಹೊರಗೆ ನಿಂತ ಕಾರಿನಲ್ಲಿ ಬೆಳಿಗ್ಗೆ ಅದು 15-16 ಡಿಗ್ರಿ ತೋರಿಸುತ್ತದೆ. ಬ್ಯಾಟರಿ ಭಾರದ ವಸ್ತು, ಗಾಳಿಯಷ್ಟು ಬೇಗ ತಣಿಯುವುದಿಲ್ಲ. ಚಾರ್ಜರ್‌ಗೆ ಸಿಕ್ಕಿಸಿದಂತೆಯೇ ಪ್ರೀಕಂಡಿಷನಿಂಗ್ ಶುರು ಮಾಡಿ 20 ನಿಮಿಷ ಕಾಯಿರಿ. ಕ್ಯಾಬಿನ್ ಬೆಚ್ಚಗಾಗಿರುತ್ತದೆ, ಗಾಜಿನ ಮಂಜು ಹೋಗಿರುತ್ತದೆ, ಸೆಲ್ ತಾಪಮಾನ ಮಾತ್ರ ಇದ್ದಲ್ಲೇ ಇರುತ್ತದೆ. ಈ ಬಟನ್ ಬ್ಯಾಟರಿಯನ್ನು ಮುಟ್ಟುವುದೇ ಇಲ್ಲ. ಕ್ಯಾಬಿನ್ ಬಿಸಿ ಮಾಡುವುದಕ್ಕೂ ಬ್ಯಾಟರಿ ಬಿಸಿ ಮಾಡುವುದಕ್ಕೂ ಒಂದೇ ಹೆಸರಿಟ್ಟು ಮಾರುವುದು ಸರಿಯಲ್ಲ. ನಿಜವಾದ ಬ್ಯಾಟರಿ ಪ್ರೀಕಂಡಿಷನಿಂಗ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಕೂಲಂಟ್ ಪೈಪಿನ ದಾರಿಯಲ್ಲಿ ಒಂದು ಹೀಟರ್ ಇರುತ್ತದೆ, ಪಂಪ್ ಆ ಬಿಸಿ ದ್ರವವನ್ನು ಸೆಲ್‌ಗಳ ಸುತ್ತ ಹರಿಸುತ್ತದೆ. ಇಂಥ ಹಲವು ಕಾರುಗಳಲ್ಲಿ, ಕಾರಿನದೇ ಮ್ಯಾಪ್‌ನಲ್ಲಿ ಫಾಸ್ಟ್ ಚಾರ್ಜರ್ ಒಂದನ್ನು ಗುರಿಯಾಗಿ ಹಾಕಿದರೆ ಸಾಕು, ದಾರಿಯಲ್ಲೇ ಅದು ತಾನಾಗಿ ಶುರುವಾಗುತ್ತದೆ.

ಬ್ಯಾಟರಿ ಬಿಸಿಯಾಗದಿದ್ದರೆ ರೇಂಜ್ ಎಷ್ಟು ಹೋಗುತ್ತದೆ ಎಂದು ಲೆಕ್ಕಕ್ಕೆ ಕೂತಾಗ ಸಿಟ್ಟು ಸ್ವಲ್ಪ ಇಳಿಯಿತು. ಬೇಲೂರು ಮೇಲೆ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ಮಾಮೂಲಿ ದಿನ ಏಳೂವರೆ ಯೂನಿಟ್ ಖರ್ಚು. ಚಳಿಯ ಬೆಳಿಗ್ಗೆ ಇದರ ಮೇಲೆ ಏನೇನು ಸೇರುತ್ತದೆ ನೋಡಿ. ಕ್ಯಾಬಿನ್ ಬಿಸಿ ಮಾಡುವ ಪಿಟಿಸಿ ಹೀಟರ್ ಮೊದಲ ಹತ್ತು ನಿಮಿಷ 3 ಕಿಲೋವ್ಯಾಟ್ ಎಳೆಯುತ್ತದೆ, ಅಲ್ಲಿಗೆ ಅರ್ಧ ಯೂನಿಟ್. ಆಮೇಲೆ ಬಿಸಿ ಕಾಯ್ದುಕೊಳ್ಳಲು 1 ಕಿಲೋವ್ಯಾಟ್‌ಗೆ ಸ್ವಲ್ಪ ಕಡಿಮೆ, ಉಳಿದ ಒಂದೂಕಾಲು ಗಂಟೆಯಲ್ಲಿ ಒಂದು ಯೂನಿಟ್‌ಗೆ ಸ್ವಲ್ಪ ಮೇಲೆ. ಹೀಟರ್ ಒಂದೇ 1.6 ಯೂನಿಟ್ ತಿಂದಿತು. 30 ಡಿಗ್ರಿಗೆ ಹೋಲಿಸಿದರೆ 13 ಡಿಗ್ರಿಯ ಗಾಳಿ ನೂರಕ್ಕೆ ಆರರಷ್ಟು ದಟ್ಟ, ಅದನ್ನು ಸೀಳಿಕೊಂಡು ಹೋಗಬೇಕು. ಟೈರಿನ ಗಾಳಿ ಐದಾರು ಡಿಗ್ರಿಗೆ ಒಂದು ಪಿಎಸ್‌ಐನಂತೆ ಇಳಿದಿರುತ್ತದೆ, ಮಧ್ಯಾಹ್ನ ಬಂಕಿನಲ್ಲಿ 33 ಹಾಕಿಸಿದ್ದು ಬೆಳಿಗ್ಗೆ 30. ಇವೆರಡಕ್ಕೆ 0.4 ಯೂನಿಟ್ ಹಿಡಿಯಿರಿ. ಕೊನೆಗೆ ಬ್ಯಾಟರಿ: ಚಳಿಗೆ ಕೊಬ್ಬರಿ ಎಣ್ಣೆ ಮಂದವಾಗುವ ಹಾಗೆ ಸೆಲ್ ಒಳಗಿನ ಎಲೆಕ್ಟ್ರೊಲೈಟ್ ಮಂದವಾಗಿ, ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳ ಪ್ರತಿರೋಧ ಏರುತ್ತದೆ. ಆದರೆ ಈ ತಾಪಮಾನದಲ್ಲಿ ಆ ನಷ್ಟ 0.2 ಯೂನಿಟ್ ದಾಟುವುದಿಲ್ಲ. ಒಟ್ಟು 9.7 ಯೂನಿಟ್, ಅಂದರೆ ಯೂನಿಟ್‌ಗೆ 6.2 ಕಿಲೋಮೀಟರ್. ಸ್ಕ್ರೀನ್ ತೋರಿಸುವ 185ರ ರೇಂಜ್‌ಗೆ ಇದು ಸರಿಯಾಗಿ ಹೊಂದುತ್ತದೆ.

ಅಮೆರಿಕದ ಎಎಎ ಎಂಬ ವಾಹನ ಸಂಘ 2019ರಲ್ಲಿ ಮಾಡಿದ ಪರೀಕ್ಷೆಯಲ್ಲೂ ಇದೇ ಕಂಡಿತ್ತು. ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಹಾಕಿ ಓಡಿಸಿದಾಗ ರೇಂಜ್ ಸರಾಸರಿ 41 ಶೇಕಡಾ ಇಳಿಯಿತು, ಹೀಟರ್ ಇಲ್ಲದೆ ಓಡಿಸಿದಾಗ 12 ಶೇಕಡಾ ಮಾತ್ರ. ಅಷ್ಟು ಕೊರೆಯುವ ಚಳಿಯಲ್ಲೇ ದೊಡ್ಡ ಪಾಲು ಹೀಟರಿನದು ಅಂದಮೇಲೆ ನಮ್ಮ 13 ಡಿಗ್ರಿಯಲ್ಲಿ ಕೇಳಬೇಕೆ? ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ವ್ಯರ್ಥ ಶಾಖವೇ ಕ್ಯಾಬಿನ್‌ಗೆ ಬರುವುದರಿಂದ ಈ ಖರ್ಚು ಕಣ್ಣಿಗೆ ಬೀಳುತ್ತಿರಲಿಲ್ಲ.

ಹಾಗಾಗಿ ಬರೀ ಕ್ಯಾಬಿನ್ ಬಿಸಿ ಮಾಡುವ ಆ ಬಟನ್ ರೇಂಜ್ ಮಟ್ಟಿಗೆ ಕೆಲಸಕ್ಕೆ ಬರುತ್ತದೆ, ಒಂದೇ ಷರತ್ತು: ಪ್ಲಗ್ ಸಿಕ್ಕಿಸಿಯೇ ಇರಬೇಕು. ಆಗ ಮೊದಲ ಹತ್ತು ನಿಮಿಷದ ಅರ್ಧ ಯೂನಿಟ್ ಮೆಸ್ಕಾಂ ಲೈನಿನಿಂದ ಬರುತ್ತದೆ, ಬ್ಯಾಟರಿಯಿಂದಲ್ಲ. ಮೂರ್ನಾಲ್ಕು ರೂಪಾಯಿ ಖರ್ಚು, ನಾಲ್ಕು ಕಿಲೋಮೀಟರ್ ಉಳಿಕೆ. ಹಾಸನದ ದಾರಿಗೆ ಇದು ದೊಡ್ಡದಲ್ಲ, ಊರೊಳಗಿನ ಓಡಾಟಕ್ಕೆ ಬಲು ದೊಡ್ಡದು. ಮಕ್ಕಳನ್ನು ಶಾಲೆಗೆ ಬಿಡುವ 5 ಕಿಲೋಮೀಟರ್‌ಗೆ ಓಡಲು ಬೇಕಾದ್ದು 0.6 ಯೂನಿಟ್, ತಣ್ಣಗಿನ ಕ್ಯಾಬಿನ್ ಬಿಸಿ ಮಾಡಲು ಅರ್ಧ ಯೂನಿಟ್. ಹತ್ತಿರ ಹತ್ತಿರ ದುಪ್ಪಟ್ಟು ಖರ್ಚು. ಚಳಿಗಾಲದಲ್ಲಿ ಸ್ಕ್ರೀನಿನ ರೇಂಜ್ ನೋಡಿ ಗಾಬರಿಯಾಗುವವರಲ್ಲಿ ಹೆಚ್ಚಿನವರು ಇಂಥ ತುಂಡು ಓಡಾಟದವರೇ. ಕಾರು ಹಿಂದಿನ ಓಡಾಟದ ಸರಾಸರಿ ಹಿಡಿದು ಮುಂದಿನ ರೇಂಜ್ ಹೇಳುತ್ತದೆ, ಅಷ್ಟೇ.

ಬೆಳಗಿನ ಕ್ರಮ ಈಗ ಒಂದು ಹದಕ್ಕೆ ಬಂದಿದೆ. ಹೊರಡುವ 15 ನಿಮಿಷ ಮುಂಚೆ ಬಟನ್ ಒತ್ತುವುದು, ತಾಪಮಾನ 22ಕ್ಕೆ, ಗಾಳಿ ಮುಂದಿನ ಗಾಜಿನ ಕಡೆಗೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಇರಬೇಕು, ಎಸಿ ಆನ್ ಇರಬೇಕು. ಚಳಿಯಲ್ಲಿ ಎಸಿ ಯಾಕೆ ಎಂದು ಹಲವರು ಕೇಳುತ್ತಾರೆ. ಮಲೆನಾಡಿನ ಬೆಳಿಗ್ಗೆ ಗಾಜಿನ ಒಳಗೆ ಕೂರುವ ಮಂಜಿಗೆ ಕಾರಣ ತೇವ. ಕಂಪ್ರೆಸರ್ ಆ ತೇವವನ್ನು ಹಿಂಡಿ ತೆಗೆಯುತ್ತದೆ, ಹೀಟರ್ ಒಂದೇ ಅದನ್ನು ಮಾಡಲು ಹೋದರೆ ಹೊತ್ತೂ ಹೆಚ್ಚು, ಕರೆಂಟೂ ಹೆಚ್ಚು. ಗಾಜು ತಿಳಿಯಾದ ಮೇಲೆ ಪ್ಲಗ್ ತೆಗೆದು ಹೊರಡುವುದು. ಬೇಲೂರು ದಾಟುವಷ್ಟರಲ್ಲಿ ಬಿಸಿಲು ಒಳಗೆ ಬೀಳುತ್ತದೆ, ಅಲ್ಲಿಂದ ಹೀಟರ್ ಬೇಕಾಗುವುದಿಲ್ಲ. ಇಷ್ಟಕ್ಕೇ 9.7 ಯೂನಿಟ್ 8.6ಕ್ಕೆ ಇಳಿಯುತ್ತದೆ. ಒಂದು ಎಚ್ಚರಿಕೆ: ನಡುವೆ ಕರೆಂಟ್ ಹೋದರೆ ಕಾರು ಸದ್ದಿಲ್ಲದೆ ಬ್ಯಾಟರಿಯಿಂದಲೇ ಹೀಟರ್ ನಡೆಸುತ್ತದೆ. ಎಸ್ಟೇಟ್ ಲೈನಿನಲ್ಲಿ ವೋಲ್ಟೇಜ್ ಬಿದ್ದಾಗಲೂ ಕೊರತೆಯನ್ನು ಬ್ಯಾಟರಿಯೇ ತುಂಬುತ್ತದೆ. ಆ್ಯಪ್‌ನಲ್ಲಿ ಚಾರ್ಜ್ ಶೇಕಡಾ ಇಳಿಯುತ್ತಿದ್ದರೆ ಬಟನ್ ಆಫ್ ಮಾಡಿಬಿಡಿ.

‘ರಾತ್ರಿ ಚಾರ್ಜಿಂಗ್ ಬೆಳಗಿನ ಜಾವಕ್ಕೆ ಮುಗಿಯುವಂತೆ ಟೈಮರ್ ಇಡಿ, ಬ್ಯಾಟರಿ ಬಿಸಿಯಾಗಿರುತ್ತದೆ’ ಎಂಬ ಸಲಹೆಯೂ ಎಲ್ಲೆಡೆ ಇದೆ. 3.3 ಕಿಲೋವ್ಯಾಟ್‌ನಲ್ಲಿ ಬ್ಯಾಟರಿಗೆ ಹೋಗುವುದು ಹತ್ತು ಆ್ಯಂಪ್. ಅಷ್ಟು ಸಣ್ಣ ಕರೆಂಟ್‌ಗೆ ಸೆಲ್‌ಗಳಲ್ಲಿ ಹುಟ್ಟುವ ಶಾಖ ಹತ್ತಾರು ವ್ಯಾಟ್. ಸೆಲ್‌ಗಳ ತೂಕ 250 ಕಿಲೋ ಎಂದುಕೊಂಡರೆ, ಅವನ್ನು 10 ಡಿಗ್ರಿ ಏರಿಸಲು 0.7 ಯೂನಿಟ್ ಶಾಖ ಬೇಕು. ಸಾಕೆಟ್ ಚಾರ್ಜಿಂಗ್‌ನಿಂದ ರಾತ್ರಿಯಿಡೀ ಒಂದೆರಡು ಡಿಗ್ರಿ ಏರಿದರೆ ಹೆಚ್ಚು. ಟೈಮರ್ ಇಡುವುದು ತಪ್ಪಲ್ಲ, ಬಿಸಿಗಾಗಿ ಇಡಬೇಕಿಲ್ಲ.

ಬ್ಯಾಟರಿ ಹೀಟರ್ ಇಲ್ಲದಿರುವುದು ನಿಜಕ್ಕೂ ಕಾಡುವುದು ಎರಡು ಕಡೆ, ಎರಡೂ ಬ್ಯಾಟರಿಯ ಒಳಗೆ ಕರೆಂಟ್ ತುಂಬುವ ಸಂದರ್ಭಗಳೇ. ತಣ್ಣಗಿನ ಸೆಲ್‌ಗೆ ಜೋರಾಗಿ ಕರೆಂಟ್ ನೂಕಿದರೆ ಲಿಥಿಯಂ ಅಯಾನುಗಳು ಗ್ರಾಫೈಟ್ ಒಳಗೆ ಸೇರಲು ಪುರಸೊತ್ತಿಲ್ಲದೆ ಅದರ ಮೇಲೆ ಲೋಹವಾಗಿ ಕೂರುತ್ತವೆ. ಆ ಹಾನಿ ಪೂರ್ತಿ ವಾಪಸಾಗುವುದಿಲ್ಲ. ಅದಕ್ಕೇ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಕರೆಂಟನ್ನು ಬಿಗಿಹಿಡಿಯುತ್ತದೆ, ಎಲ್‌ಎಫ್‌ಪಿಯಲ್ಲಿ ಇನ್ನೂ ಬಿಗಿಯಾಗಿ.

ಮೊದಲನೆಯದು ಫಾಸ್ಟ್ ಚಾರ್ಜಿಂಗ್. 20ರಿಂದ 80 ಶೇಕಡಾ ಅಂದರೆ 18 ಯೂನಿಟ್. ಮಧ್ಯಾಹ್ನದ ಬಿಸಿ ಬ್ಯಾಟರಿಗೆ ಅರ್ಧ ಗಂಟೆ ಸಾಕು, ಬೆಳಿಗ್ಗೆ ಎದ್ದ ಕೂಡಲೇ ಚಾರ್ಜರ್‌ಗೆ ಹೋದರೆ ಮುಕ್ಕಾಲು ಗಂಟೆಗೂ ಮೇಲೆ. ದುಡ್ಡು ನಿಮಿಷಕ್ಕಲ್ಲ, ಯೂನಿಟ್‌ಗೆ ಕೊಡುವುದರಿಂದ ಹೋಗುವುದು ಸಮಯ ಮಾತ್ರ. ಹಿಂದಿನ ಸಂಜೆ ಘಾಟಿ ಹತ್ತಿ ಬಂದ ಕೂಡಲೇ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗ ಚಾರ್ಜ್ ಮಾಡಿಕೊಳ್ಳುವುದೇ ಇದಕ್ಕೆ ಮದ್ದು. ಚಾರ್ಮಾಡಿಯ ಏರು ಮಾಡುವಷ್ಟು ಬಿಸಿಯನ್ನು ಸಮತಟ್ಟು ರಸ್ತೆ ಮಾಡುವುದಿಲ್ಲ.

ಎರಡನೆಯದು ಇಳಿಜಾರಿನ ರೀಜೆನ್, ಅಂದರೆ ಮೋಟಾರೇ ಕಾರನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವುದು. ಬಾಬಾಬುಡನ್‌ಗಿರಿ ತಪ್ಪಲಲ್ಲಿ ಊರಿಗಿಂತ 500 ಮೀಟರ್ ಎತ್ತರದ ಮನೆಯಿಂದ ಇಳಿಯುವವರ ಲೆಕ್ಕ ನೋಡಿ. ಜನ ಸೇರಿ 1,600 ಕಿಲೋ ತೂಗುವ ಕಾರು ಅಷ್ಟು ಇಳಿದರೆ 2.2 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ನೂರಕ್ಕೆ 60ರಷ್ಟು ಹಿಡಿದಿಟ್ಟರೂ 1.3 ಯೂನಿಟ್, ಹತ್ತು ಕಿಲೋಮೀಟರ್ ಬಿಟ್ಟಿ. ಬ್ಯಾಟರಿ ತಣ್ಣಗಿದ್ದು ಜೊತೆಗೆ 100 ಶೇಕಡಾ ತುಂಬಿದ್ದರೆ ಇದರಲ್ಲಿ ಬಹುಪಾಲು ಬ್ರೇಕ್ ಡಿಸ್ಕಿನಲ್ಲಿ ಶಾಖವಾಗಿ ಹೋಗುತ್ತದೆ. ಪೆಡಲ್ ಬಿಟ್ಟಾಗ ಕಾರು ಎಂದಿನಂತೆ ಹಿಡಿದುಕೊಳ್ಳದೆ ಜಾರಿಕೊಂಡು ಹೋದರೆ ರೀಜೆನ್ ಕಟ್ಟಾಗಿದೆ ಎಂದೇ ಅರ್ಥ. ಮೊದಲ ತಿರುವಿನಲ್ಲಿ ಇದಕ್ಕೆ ಸಿದ್ಧರಾಗಿರಬೇಕು. ಮೇಲಿನ ಮನೆಯವರು 85ಕ್ಕೇ ಚಾರ್ಜ್ ನಿಲ್ಲಿಸುವುದು ಒಳ್ಳೆಯದು. ಎಲ್‌ಎಫ್‌ಪಿಯಲ್ಲಿ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ಇರುವುದರಿಂದ ಶೇಕಡಾ ಲೆಕ್ಕ ಸರಿಯಿರಲು ಆಗಾಗ 100 ತುಂಬಿಸಲೇಬೇಕು, ಅದನ್ನು ಕಾರು ಮನೆಯಲ್ಲೇ ನಿಲ್ಲುವ ದಿನದ ಹಿಂದಿನ ರಾತ್ರಿ ಮಾಡಿ.

ಕೊಳ್ಳುವವರು ಶೋರೂಮಿನಲ್ಲಿ ‘ಪ್ರೀಕಂಡಿಷನಿಂಗ್ ಇದೆಯಾ’ ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ‘ಬ್ಯಾಟರಿಯ ಕೂಲಂಟ್‌ಗೆ ಹೀಟರ್ ಇದೆಯಾ, ಅದನ್ನು ಶುರು ಮಾಡುವುದು ಹೇಗೆ’ ಎಂದು ಕೇಳಿ, ಟೆಸ್ಟ್ ಡ್ರೈವ್ ಕಾರಿನಲ್ಲೇ ತೋರಿಸಲು ಹೇಳಿ. ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹಾಸನ, ಮೂಡಿಗೆರೆ, ಕಡೂರು ಓಡಾಡುವವರು ಆ ಹೀಟರ್‌ಗಾಗಿ ದುಬಾರಿ ಮಾಡೆಲ್‌ಗೆ ಹೋಗಬೇಕಿಲ್ಲ, ಈ ಕಾರೇ ಸಾಕು. ಮನೆಯಲ್ಲಿ ಸಾಕೆಟ್ ಇಲ್ಲದೆ, ಬೆಳಗಿನ ಫಾಸ್ಟ್ ಚಾರ್ಜರ್ ಒಂದನ್ನೇ ನಂಬಿಕೊಂಡವರಿಗೆ ಮಾತ್ರ ಇದನ್ನು ಕೊಳ್ಳಿ ಎಂದು ನಾನು ಹೇಳಲಾರೆ.