ಕೆಂಪು ಬಾಣ ಮತ್ತು ಆಟಿ ತಿಂಗಳು: ಒಂದು ಡ್ಯಾಶ್‌ಬೋರ್ಡ್ ಸೇವೆಯೊಂದಿಗೆ ಒಂಬತ್ತು ಬೋರ್ಡ್ ಸಭೆಗಳು

ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ರೈತ ಉತ್ಪಾದಕರ ಕಂಪನಿ. ಅಡಿಕೆ ಹಾಳೆಯ ತಟ್ಟೆ ಮಾಡುತ್ತೇವೆ. ಘಟಕಗಳು ಮೂರು, ನಿರ್ದೇಶಕರು ಹತ್ತು, ಅವರ ಮುಂದೆ ನಿಂತು ಲೆಕ್ಕ ಹೇಳಬೇಕಾದವನು ನಾನೊಬ್ಬ. ಉತ್ಪಾದಕರ ಕಂಪನಿಯ ಬೋರ್ಡ್ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು ಎನ್ನುತ್ತದೆ ಕಂಪನಿ ಕಾಯ್ದೆ. ನೋಟೀಸು ಏಳು ದಿನ ಮೊದಲೇ ಹೋಗಬೇಕು. ಹಿಂದೆಲ್ಲ ಆ ಏಳು ದಿನವೂ ಮೂರು ಘಟಕಗಳ ದಿನಚರಿ ಪುಸ್ತಕಗಳನ್ನು ಹರಡಿಕೊಂಡು ಕೂಡಿಸುವುದರಲ್ಲೇ ಕಳೆಯುತ್ತಿತ್ತು.

ಈ ಕೆಲಸಕ್ಕೆಂದು ವರ್ಷದ ಚಂದಾ ಕೊಟ್ಟು ಒಂದು ಡ್ಯಾಶ್‌ಬೋರ್ಡ್ ಸೇವೆ ತೆಗೆದುಕೊಂಡೆವು. ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವ ತೊಂದರೆಗಳು ಈ ಬಗೆಯ ಎಲ್ಲ ಸೇವೆಗಳಲ್ಲೂ ಹೆಚ್ಚು ಕಡಿಮೆ ಇದ್ದೇ ಇರುತ್ತವೆ. ಘಟಕದವರು ಮೊಬೈಲಿನಿಂದ ಶೀಟಿಗೆ ಅಂಕಿ ತುಂಬುತ್ತಾರೆ, ಬೆಳಿಗ್ಗೆ ಆರಕ್ಕೆ ಸೇವೆ ಅದನ್ನು ಎಳೆದುಕೊಂಡು ಗೆರೆ ಎಳೆಯುತ್ತದೆ, ಏರಿದರೆ ಹಸಿರು ಬಾಣ, ಇಳಿದರೆ ಕೆಂಪು ಬಾಣ. ಪ್ರತಿ ಕೆಪಿಐಯ, ಅಂದರೆ ಕೆಲಸ ಹೇಗೆ ನಡೆದಿದೆ ಎಂದು ತೋರಿಸುವ ಪ್ರತಿ ಮುಖ್ಯ ಅಂಕಿಯ ಕೆಳಗೆ ಸಭೆಯಲ್ಲಿ ಓದಬಹುದಾದ ಎರಡು ಮೂರು ವಾಕ್ಯಗಳನ್ನೂ ತಾನೇ ಬರೆದು ಕೊಡುತ್ತದೆ. ನಾನು ಮಾರುಹೋದದ್ದು ಈ ಕೊನೆಯ ಸೌಲಭ್ಯಕ್ಕೆ. ಮಾನ ಕಳೆದುಕೊಂಡದ್ದೂ ಅದರಿಂದಲೇ.

ಮೊದಲ ಅಕ್ಟೋಬರ್ ಸಭೆ. ಹೊರಗೆ ಹಿಂಗಾರಿನ ಗುಡುಗು, ಒಳಗೆ ಪ್ರೊಜೆಕ್ಟರ್. ಪರದೆಯ ಮೇಲೆ ದೊಡ್ಡ ಕೆಂಪು ಬಾಣ. ಉತ್ಪಾದನೆ ಹಿಂದಿನ ತ್ರೈಮಾಸಿಕಕ್ಕಿಂತ ಶೇ 40 ಕುಸಿದಿದೆ, ಕುಸಿತಕ್ಕೆ ಅತಿ ಹೆಚ್ಚು ಕೊಡುಗೆ ಒಂದನೇ ಘಟಕದ್ದು ಎಂದು ಅದು ಬರೆದುಕೊಟ್ಟಿತ್ತು. ನಾನು ಹಾಗೆಯೇ ಓದಿದೆ. ಒಂದನೇ ಘಟಕ ನೋಡಿಕೊಳ್ಳುವವರ ಮುಖ ಸಣ್ಣದಾಯಿತು. ಒಬ್ಬರು ನಿರ್ದೇಶಕರು ಅಲ್ಲಿನ ಕೆಲಸದವರನ್ನು ಕಡಿಮೆ ಮಾಡುವ ಮಾತೆತ್ತಿದರು. ನಿವೃತ್ತ ಮಾಷ್ಟ್ರೊಬ್ಬರು ನಮ್ಮ ಬೋರ್ಡಿನಲ್ಲಿದ್ದಾರೆ. ಅವರು ಕನ್ನಡಕ ತೆಗೆದು ಕೇಳಿದರು: “ಅಲ್ಲ ಮಾರಾಯರೇ, ಜುಲೈ, ಆಗಸ್ಟ್, ಸೆಪ್ಟೆಂಬರಿನ ಲೆಕ್ಕ ಅಲ್ಲವೇ ಇದು? ಆಟಿಯಲ್ಲಿ ಮದುವೆ ಉಂಟೇ, ಕೋಲ ಉಂಟೇ? ಮಳೆಯಲ್ಲಿ ಬಿದ್ದ ಹಾಳೆಯನ್ನು ನೀವು ಎಲ್ಲಿ ಒಣಗಿಸುತ್ತೀರಿ?”

ನನಗೆ ಉತ್ತರವಿರಲಿಲ್ಲ. ತೋಟವಿರುವ ಯಾರಿಗೂ ತಿಳಿದ ಸಂಗತಿ ಅದು. ತಟ್ಟೆಗೆ ಆಗುವ ಹಾಳೆ ಸಿಗುವುದು ಬೇಸಿಗೆಯಲ್ಲಿ. ಮಳೆ ಹಿಡಿದ ಮೇಲೆ ಬಿದ್ದದ್ದು ತೋಟದಲ್ಲೇ ಕೊಳೆಯುತ್ತದೆ. ಊಟದ ಕಾರ್ಯಕ್ರಮಗಳೂ ಬೇಸಿಗೆಯವೇ: ಮದುವೆ, ಜಾತ್ರೆ, ಬ್ರಹ್ಮಕಲಶ. ಆದ್ದರಿಂದ ಏಪ್ರಿಲ್–ಜೂನ್‌ಗೂ ಜುಲೈ–ಸೆಪ್ಟೆಂಬರ್‌ಗೂ ಹೋಲಿಕೆ ಮಾಡಿದರೆ ಪ್ರತಿವರ್ಷವೂ ಕೆಂಪು ಬಾಣವೇ ಬರುತ್ತದೆ. ಕಂಪನಿ ಚೆನ್ನಾಗಿ ನಡೆದರೂ ಬರುತ್ತದೆ, ಮುಳುಗುತ್ತಿದ್ದರೂ ಬರುತ್ತದೆ.

ಆ ರಾತ್ರಿ ಕುಳಿತು ಹಳೆಯ ಪುಸ್ತಕ ತೆಗೆದೆ. ಏಪ್ರಿಲ್–ಜೂನ್‌ನಲ್ಲಿ 1,60,000 ತಟ್ಟೆ, ಜುಲೈ–ಸೆಪ್ಟೆಂಬರ್‌ನಲ್ಲಿ 96,000. ಶೇ 40 ಇಳಿಕೆ ಎನ್ನುವುದು ಸುಳ್ಳಲ್ಲ. ಆದರೆ ಹಿಂದಿನ ವರ್ಷದ ಜುಲೈ–ಸೆಪ್ಟೆಂಬರ್‌ನಲ್ಲಿ ನಾವು ಮಾಡಿದ್ದು 80,000. ಅಂದರೆ ಮಳೆಗಾಲವನ್ನು ಮಳೆಗಾಲದ ಪಕ್ಕದಲ್ಲಿ ಇಟ್ಟರೆ ಶೇ 20 ಏರಿಕೆ. ಹಸಿರು ಬಾಣ ಹಾಕಬೇಕಾದ ಜಾಗದಲ್ಲಿ ಕೆಂಪು ಬಾಣ ತೋರಿಸಿ, ಅದರ ಮೇಲೆ ಒಬ್ಬರ ಕೆಲಸಕ್ಕೆ ಕುತ್ತು ತರುವುದರಲ್ಲಿದ್ದೆ. ‘ಕೊಡುಗೆ’ಯ ಮಾತೂ ಹಾಗೆಯೇ. ಒಂದನೇ ಘಟಕ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದು. ಒಟ್ಟು ಲೆಕ್ಕ ಇಳಿದಾಗ ಅದರ ಪಾಲೇ ದೊಡ್ಡದಾಗಿ ಕಾಣುತ್ತದೆ, ಏರಿದಾಗಲೂ ಅಷ್ಟೇ. ಅದು ಬರೀ ವ್ಯವಕಲನ, ಕಾರಣವಲ್ಲ. ಆ ವಾಕ್ಯವನ್ನು ನಾನು ಈಗ ಸಭೆಯಲ್ಲಿ ಓದುವುದೇ ಇಲ್ಲ.

ಸೆಟ್ಟಿಂಗ್‌ನಲ್ಲಿ ‘ಹಿಂದಿನ ಅವಧಿ’ ಬದಲು ‘ಕಳೆದ ವರ್ಷದ ಇದೇ ಅವಧಿ’ ಎಂದು ಆಯ್ಕೆ ಮಾಡಿದರೆ ಬಾಣ ಸರಿಯಾಗುತ್ತದೆ. ಎರಡು ಕ್ಲಿಕ್‌ನ ಕೆಲಸ. ಆದರೆ ಹಳೆಯ ವರ್ಷದ ಅಂಕಿ ಒಳಗಿದ್ದರೆ ಮಾತ್ರ ಇದು ನಡೆಯುತ್ತದೆ, ಇಲ್ಲದಿದ್ದರೆ ಬಾಣದ ಜಾಗ ಖಾಲಿ. ಎರಡು ವರ್ಷದ ಪುಸ್ತಕ ನೋಡಿ ತಿಂಗಳ ಲೆಕ್ಕ ತುಂಬಲು ನನಗೆ ಮೂರು ಭಾನುವಾರ ಬೇಕಾಯಿತು. ಚಂದಾ ಕಟ್ಟುವ ಮೊದಲೇ ಆ ಭಾನುವಾರಗಳನ್ನು ಎತ್ತಿಟ್ಟುಕೊಳ್ಳಿ.

ಎರಡನೆಯ ಏಟು ರಿಜೆಕ್ಷನ್ ಲೆಕ್ಕದಲ್ಲಿ ಬಿತ್ತು, ಅದು ಇದಕ್ಕಿಂತ ಗುಪ್ತವಾದದ್ದು. ಸೀಳಿದ, ಬೂಷ್ಟು ಹಿಡಿದ, ಅಂಚು ಮುರಿದ ತಟ್ಟೆ ಎಷ್ಟು ಎನ್ನುವ ಕೆಪಿಐ. ಡ್ಯಾಶ್‌ಬೋರ್ಡ್ ಇಡೀ ಕಂಪನಿಗೆ ಶೇ 10 ತೋರಿಸಿತು. ಹತ್ತರಲ್ಲಿ ಒಂದು ತಟ್ಟೆ ಬಿಸಾಡಿದರೆ ನಮ್ಮಂತಹವರು ಉಳಿಯುವುದಿಲ್ಲ. ಘಟಕವಾರು ಅಂಕಿ ಹೀಗಿತ್ತು: ಮೊದಲ ಘಟಕ 60,000 ತಟ್ಟೆಗೆ ಶೇ 4, ಎರಡನೆಯದು 30,000ಕ್ಕೆ ಶೇ 6, ಮೂರನೆಯದು 6,000ಕ್ಕೆ ಶೇ 20. ಸೇವೆ ಈ ಮೂರು ಶೇಕಡಾಗಳನ್ನು ಕೂಡಿಸಿ ಮೂರರಿಂದ ಭಾಗಿಸಿತ್ತು. ಆದರೆ ಹಾಳಾದ ತಟ್ಟೆಗಳನ್ನೇ ಎಣಿಸಿದರೆ 2,400, 1,800 ಮತ್ತು 1,200. ಒಟ್ಟು 5,400. ಇದನ್ನು 96,000ದಿಂದ ಭಾಗಿಸಿದರೆ ಶೇ 5.6. ನಿಮ್ಮ ಶೀಟಿನಲ್ಲಿ ಹಾಳಾದ ತಟ್ಟೆ D ಕಾಲಮ್ಮಿನಲ್ಲಿ, ಒಟ್ಟು ತಟ್ಟೆ C ಕಾಲಮ್ಮಿನಲ್ಲಿ, ಶೇಕಡಾ E ಕಾಲಮ್ಮಿನಲ್ಲಿ ಇದೆ ಎಂದುಕೊಳ್ಳಿ. ಮೊದಲ ಸಾಲು ತಪ್ಪು, ಎರಡನೆಯದು ಸರಿ:

```
=AVERAGE(E2:E4)
=SUM(D2:D4)/SUM(C2:C4)
```

ಈ ತಪ್ಪು ಹಿಡಿಯುವ ಉಪಾಯ ಸುಲಭ. ಕಂಪನಿಯ ಒಟ್ಟು ಶೇಕಡಾ ನಿಮ್ಮ ಅತಿ ದೊಡ್ಡ ಘಟಕದ ಶೇಕಡಾದಿಂದ ತುಂಬಾ ದೂರ ಕಂಡರೆ, ಒಂದು ಸಲ ಕೈಯಿಂದ ಎಣಿಸಿ ನೋಡಿ. ಬೋರ್ಡಿಗೆ ನಾನು ಶೇ 5.6 ಎಂದು ತಿದ್ದಿ ಹೇಳಿದೆ, ಜೊತೆಗೆ ಮೂರನೇ ಘಟಕದ ಶೇ 20ನ್ನು ಬೇರೆಯಾಗಿ ಇಟ್ಟೆ. ಸರಾಸರಿಯನ್ನು ಸರಿಮಾಡುವ ಭರದಲ್ಲಿ ಅದು ಮುಚ್ಚಿಹೋಗಬಾರದಿತ್ತು. ಅಲ್ಲಿ ಹೋಗಿ ನೋಡಿದರೆ ಹಾಳೆಯ ಕಟ್ಟುಗಳು ನೇರ ಸಿಮೆಂಟ್ ನೆಲದ ಮೇಲಿದ್ದವು. ಕೆಳಗಿನ ಕಟ್ಟು ಎತ್ತಿದರೆ ಅಂಗೈ ತುಂಬಾ ಬಿಳಿ ಬೂಷ್ಟು. ಅಡಿಕೆ ಸಲಾಕೆಗಳ ಅಟ್ಟ ಕಟ್ಟಿಸಿ ನೆಲದಿಂದ ಒಂದು ಮೊಳ ಮೇಲೆ ಇಟ್ಟೆವು. ಡ್ಯಾಶ್‌ಬೋರ್ಡ್ ಆ ಘಟಕಕ್ಕೆ ಏನೋ ಆಗಿದೆ ಎಂದು ಹೇಳಿತ್ತು, ಅಷ್ಟು ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಏನಾಗಿದೆ ಎಂದು ಹೇಳಿದ್ದು ಮೂಗು.

ಇನ್ನು ಸಣ್ಣಪುಟ್ಟವು. ಸಭೆ 12ನೇ ತಾರೀಕಿಗಿದ್ದರೆ ಗೆರೆಯ ತುದಿಯಲ್ಲಿ ಆ ತಿಂಗಳ ಹನ್ನೆರಡು ದಿನ ಸೇರಿಕೊಂಡು ಗೆರೆ ಬಾವಿಗೆ ಬಿದ್ದಂತೆ ಕಾಣುತ್ತದೆ. ತಾರೀಕಿನ ಫಿಲ್ಟರನ್ನು ತ್ರೈಮಾಸಿಕದ ಕೊನೆಯ ದಿನಕ್ಕೆ ಬಿಗಿಯಬೇಕು. ರಿಜೆಕ್ಷನ್ ಶೇ 4ರಿಂದ 6ಕ್ಕೆ ಹೋದರೆ ‘ಶೇ 50 ಏರಿಕೆ’ ಎಂದು ಬರೆಯುತ್ತದೆ. ನಾನು ‘ನೂರಕ್ಕೆ ನಾಲ್ಕು ಹೋಗುತ್ತಿತ್ತು, ಈಗ ಆರು ಹೋಗುತ್ತದೆ’ ಎನ್ನುತ್ತೇನೆ. ಲಕ್ಷದ ಅಲ್ಪವಿರಾಮ ಹಾಕಲು ಬಾರದೆ 160K ಎಂದು ತೋರಿಸುತ್ತಿತ್ತು. ಎಣ್ಮಕಜೆ ಕಡೆಯ ಹಿರಿಯ ನಿರ್ದೇಶಕರೊಬ್ಬರು ಬಹಳ ಹೊತ್ತು ಅದನ್ನು ನೋಡಿ, ಮೂರು ತಿಂಗಳಿಗೆ ಬರೀ 160 ಕಿಲೋ ತಟ್ಟೆಯೇ ಎಂದು ಮರುಗಿದರು.

ಈಗ ನಾನು ಸಭೆಗೆ ಹೇಗೆ ತಯಾರಾಗುತ್ತೇನೆ ಎಂದು ಹೇಳುತ್ತೇನೆ, ಈ ಸೇವೆ ಕೊಳ್ಳುವವರಿಗೆ ಬೇಕಾದದ್ದು ಅದೇ. ಇದರಲ್ಲಿ ಇಪ್ಪತ್ತೆರಡು ಕೆಪಿಐ ಇವೆ. ನಾನು ಬೋರ್ಡಿನ ಮುಂದೆ ಇಡುವುದು ನಾಲ್ಕು: ಉತ್ಪಾದನೆ, ರಿಜೆಕ್ಷನ್, ಬರಬೇಕಾದ ಬಾಕಿ, ಹಾಳೆಯ ದಾಸ್ತಾನು. ಸೇವೆ ಬರೆದ ವಾಕ್ಯಗಳನ್ನು ಅಳಿಸಿ ಪ್ರತಿಯೊಂದಕ್ಕೂ ನನ್ನದೇ ಮಾತು ಬರೆಯುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಉತ್ಪಾದನೆಯ ಬಗ್ಗೆ ಓದಿದ್ದು ಇಷ್ಟೇ: “ಈ ಮಳೆಗಾಲ 1,08,000 ತಟ್ಟೆ, ಕಳೆದ ಮಳೆಗಾಲ 96,000. ಹೆಚ್ಚಾದದ್ದು ಮೇ ತಿಂಗಳೊಳಗೆ ಹೆಚ್ಚು ಹಾಳೆ ಕೂಡಿಟ್ಟದ್ದರಿಂದ. ಒಂದನೇ ಘಟಕದಲ್ಲಿ ಇನ್ನು ಇಡಲು ಜಾಗವಿಲ್ಲ. ಶೆಡ್ಡನ್ನು ಹಿಂಬದಿಗೆ ವಿಸ್ತರಿಸಲು ಒಪ್ಪಿಗೆ ಬೇಕು.” ಅಂಕಿ, ಸರಿಯಾದ ಜೊತೆ ಅಂಕಿ, ಕಾರಣ, ಕೇಳಿಕೆ. ಕಾರಣ ನನಗೇ ಖಚಿತವಿಲ್ಲದಿದ್ದರೆ ‘ಇನ್ನೂ ನೋಡುತ್ತಿದ್ದೇನೆ’ ಎಂದು ಬರೆಯುತ್ತೇನೆ. ಮಾಷ್ಟ್ರು ಅದನ್ನು ಒಪ್ಪುತ್ತಾರೆ, ಊಹೆಯನ್ನು ಒಪ್ಪುವುದಿಲ್ಲ.

ಹಾಳೆಯ ದಾಸ್ತಾನನ್ನು ಸೇರಿಸಿದ್ದು ಅವರದೇ ಸಲಹೆ. ಉತ್ಪಾದನೆ ಎಷ್ಟಾಯಿತು ಎನ್ನುವುದು ಮುಗಿದ ಕಥೆ, ಅಕ್ಟೋಬರಿನಲ್ಲಿ ತಿಳಿದು ಏನು ಪ್ರಯೋಜನ? ಮೇ 31ರಂದು ಶೆಡ್ಡಿನಲ್ಲಿ ಎಷ್ಟು ಹಾಳೆ ಇದೆ ಎನ್ನುವುದರಿಂದ ಮಳೆಗಾಲದ ತಟ್ಟೆಯ ಲೆಕ್ಕ ಆಗಲೇ ಹೇಳಬಹುದು. ಒಂದು ಹಾಳೆಯಿಂದ ಒಂದು ದೊಡ್ಡ ಊಟದ ತಟ್ಟೆ, ಅಗಲವಿದ್ದರೆ ಬದಿಯಲ್ಲಿ ಒಂದು ಬಟ್ಟಲು. ನಮ್ಮಲ್ಲಿ ಹತ್ತು ಹಾಳೆಗೆ ಸುಮಾರು ಹದಿನಾಲ್ಕು ತಟ್ಟೆ ಬಟ್ಟಲು ಬರುತ್ತವೆ. ಹಾಳೆ ಕಡಿಮೆಯಿದ್ದರೆ ಏಪ್ರಿಲ್ ಸಭೆಯಲ್ಲೇ ದರ ಒಂದಿಷ್ಟು ಏರಿಸಿ ಸಂಗ್ರಹ ಹೆಚ್ಚಿಸಬಹುದು. ಆದರೆ ದಾಸ್ತಾನಿನ ಈ ಅಂಕಿಯನ್ನು ಸೇವೆ ತಾನಾಗಿ ಕೊಡುವುದಿಲ್ಲ. ಪ್ರತಿ ಶನಿವಾರ ಯಾರಾದರೂ ಶೆಡ್ಡಿಗೆ ಹೋಗಿ ಕಟ್ಟು ಎಣಿಸಬೇಕು. ಎಣಿಸದ ವಾರ ಹಿಂದಿನ ಅಂಕಿಯನ್ನೇ ಮುಂದುವರಿಸಿ ನೇರ ಗೆರೆ ಎಳೆಯುತ್ತದೆ. ಗೆರೆ ಎರಡು ವಾರ ಕದಲದಿದ್ದರೆ ನಾನು ಘಟಕಕ್ಕೆ ಫೋನ್ ಮಾಡುತ್ತೇನೆ.

ಕನ್ನಡದ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಸಿಟ್ಟಿದೆ. ಶೀರ್ಷಿಕೆಗಳನ್ನು ಕನ್ನಡದಲ್ಲಿ ಟೈಪು ಮಾಡಿದರೆ ಪರದೆಯ ಮೇಲೆ ಚೆನ್ನಾಗಿ ಕಾಣುತ್ತವೆ, ಪಿಡಿಎಫ್ ಮಾಡಿದ ಕೂಡಲೇ ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ಕೂರುತ್ತವೆ. ‘ತಟ್ಟೆ’ಯನ್ನು ‘ತಟ್‌ಟೆ’ ಎಂದು ಓದಬೇಕು. ಎರಡು ವರ್ಷದಲ್ಲಿ ನಾಲ್ಕು ದೂರು ಕೊಟ್ಟಿದ್ದೇನೆ, ನಾಲ್ಕಕ್ಕೂ ಪರಿಶೀಲಿಸುತ್ತೇವೆ ಎಂದೇ ಉತ್ತರ. ಅವರ ಪಿಡಿಎಫ್ ಗುಂಡಿ ಬಿಟ್ಟು ಬ್ರೌಸರಿನಿಂದಲೇ ಪ್ರಿಂಟ್ ಕೊಟ್ಟರೆ ಅಕ್ಷರ ಸರಿ ಬರುತ್ತದೆ, ಆದರೆ ಬಣ್ಣ ಹೋಗುತ್ತದೆ. ಈಗ ನಮ್ಮ ನಿರ್ದೇಶಕರ ಕೈಗೆ ಹೋಗುವುದು ಬಣ್ಣವಿಲ್ಲದ ಬಾಣ.

ಕೂಡುವ ಕೆಲಸ ಏಳು ದಿನದಿಂದ ಒಂದು ಬೆಳಗಿಗೆ ಇಳಿದಿರುವುದಕ್ಕೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಮೂರನೆಯ ವರ್ಷಕ್ಕೆ ಚಂದಾ ಕಟ್ಟಿದ್ದೇವೆ, ಆದರೆ ವಾಕ್ಯ ಬರೆದುಕೊಡುವ ಸೌಲಭ್ಯವಿಲ್ಲದ ಕೆಳಗಿನ ದರ್ಜೆಗೆ.