ಗೇಟ್‌ಗೆ ಎರಡು ತಿಂಗಳು, ಹತ್ತು ವಿಷಯ: ಮೂರು ಬಗೆಯ ಪುನರಾವರ್ತನೆಯ ಹೋಲಿಕೆ

ಗೇಟ್ ಕಂಪ್ಯೂಟರ್ ಸೈನ್ಸ್ ಪತ್ರಿಕೆಯಲ್ಲಿ 65 ಪ್ರಶ್ನೆ, 100 ಅಂಕ, ಮೂರು ಗಂಟೆ. 15 ಅಂಕ ಜನರಲ್ ಆಪ್ಟಿಟ್ಯೂಡ್‌ಗೆ, ಸುಮಾರು 13 ಗಣಿತಕ್ಕೆ. ಮಿಕ್ಕ 72 ಅಂಕ ಒಂಬತ್ತು ವಿಷಯಗಳಿಗೆ ಹಂಚಿಹೋಗುತ್ತದೆ. ಯಾವ ವಿಷಯವನ್ನೂ ಪೂರ್ತಿ ಕೈಬಿಡುವಂತಿಲ್ಲ, ಯಾವುದೋ ಒಂದರ ಮೇಲೆಯೇ ಕೂರುವಂತೆಯೂ ಇಲ್ಲ. ಪುಣೆಯಲ್ಲಿ ಕೆಲಸ ಮಾಡುತ್ತ ಓದುವ ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯ ಹುಡುಗ ಹುಡುಗಿಯರು ಕೊನೆಯ ಎರಡು ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಮೊದಲೇ ಒಂದು ಸಲ ಓದಿ ಮುಗಿಸಿದ್ದನ್ನು ಯಾವ ಸರದಿಯಲ್ಲಿ ಮತ್ತೆ ಓದಬೇಕು?

ಇಲ್ಲಿ ಮೂರು ಸರದಿಗಳನ್ನು ಬಳಸಿ ನೋಡಿದ್ದೇವೆ. ಮೂರಕ್ಕೂ ಒಂದೇ ಲೆಕ್ಕ ಇಟ್ಟುಕೊಳ್ಳೋಣ. ಡಿಸೆಂಬರ್ 8 ಸೋಮವಾರ ಶುರು, ಫೆಬ್ರವರಿ 7 ಶನಿವಾರ ಪರೀಕ್ಷೆ. ಹಿಂಜವಡಿಯಿಂದ ಕಂಪನಿ ಬಸ್ಸಿನಲ್ಲಿ ಬಂದು ಇಳಿದ ಮೇಲೆ ವಾರದ ದಿನಗಳಲ್ಲಿ ಮೂರು ಗಂಟೆ, ಶನಿವಾರ ಭಾನುವಾರ ಏಳೇಳು ಗಂಟೆ. ವಾರಕ್ಕೆ 29 ಗಂಟೆಯಾಯಿತು. ಇದಕ್ಕಿಂತ ಹೆಚ್ಚು ಬರೆದುಕೊಂಡ ವೇಳಾಪಟ್ಟಿ ಎರಡನೇ ವಾರದಲ್ಲೇ ಹರಿಯುತ್ತದೆ. ಸದಾಶಿವ ಪೇಠೆಯ ಅಭ್ಯಾಸಿಕೆ ಎಂಬ ಓದುಕೋಣೆಗಳಲ್ಲಿ ಇಡೀ ದಿನ ಕೂರುವವರ ಲೆಕ್ಕ ಬೇರೆ.

ಮೊದಲನೆಯದು ಸಾಲು ಪದ್ಧತಿ. ಒಂದು ವಿಷಯಕ್ಕೆ ಐದು ದಿನ, ಮುಗಿದ ಮೇಲೆ ಮುಂದಿನದು. ಹತ್ತು ವಿಷಯಕ್ಕೆ 50 ದಿನ, ಉಳಿದ ಹನ್ನೊಂದು ದಿನ ಮಾಕ್ ಪರೀಕ್ಷೆಗೆ. ಹೆಚ್ಚಿನವರು ಹಿಡಿಯುವ ದಾರಿ ಇದು, ಏಕೆಂದರೆ ಪ್ರತಿ ಐದನೇ ದಿನ ಒಂದು ವಿಷಯಕ್ಕೆ ಗೆರೆ ಎಳೆದ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಮೋಸ. ಡಿಜಿಟಲ್ ಲಾಜಿಕ್ ಡಿಸೆಂಬರ್ 12ಕ್ಕೆ ಮುಗಿದರೆ ಮತ್ತೆ ಕಣ್ಣಿಗೆ ಬೀಳುವುದು ಜನವರಿ ಕೊನೆಯಲ್ಲಿ. ಆರು ವಾರಕ್ಕೂ ಹೆಚ್ಚು ಅಂತರ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ನಾರ್ಮಲೈಸೇಷನ್ ಮೇಲಿನ 40 ಲೆಕ್ಕಗಳನ್ನು ಒಂದೇ ಬೈಠಕ್ಕಿನಲ್ಲಿ ಮಾಡುವಾಗ ಯಾವ ವಿಧಾನ ಹಾಕಬೇಕು ಎಂದು ಯೋಚಿಸುವ ಕೆಲಸವೇ ಇರುವುದಿಲ್ಲ, ಅಧ್ಯಾಯದ ಹೆಸರೇ ಅದನ್ನು ಹೇಳಿಬಿಟ್ಟಿರುತ್ತದೆ. ಗೇಟ್ ಪತ್ರಿಕೆಯಲ್ಲಿ ಪ್ರಶ್ನೆಯ ತಲೆಯ ಮೇಲೆ ವಿಷಯದ ಹೆಸರು ಬರೆದಿರುವುದಿಲ್ಲ. ಅಧ್ಯಾಯವಾರು ಲೆಕ್ಕದಲ್ಲಿ ಹತ್ತಕ್ಕೆ ಎಂಟು ಸರಿಮಾಡುವವರು ಮೊದಲ ಮಾಕ್‌ನಲ್ಲಿ ಅದೇ ಬಗೆಯ ಪ್ರಶ್ನೆ ಬಿಟ್ಟು ಬಂದಿದ್ದರೆ ಕಾರಣ ಹೆಚ್ಚಾಗಿ ಇದೇ.

ಎರಡನೆಯದು ಸುತ್ತು ಪದ್ಧತಿ. ದಿನಕ್ಕೆ ಮೂರು ವಿಷಯ, ಒಂದೊಂದು ಗಂಟೆ. ಪ್ರತಿ ವಿಷಯ ಮೂರ್ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಮರೆವಿಗೆ ಎಡೆಯೇ ಇಲ್ಲ. ಆದರೆ ಆರಂಭದಲ್ಲಿ ಒಂದು ಗಂಟೆ ಸಾಲದು. ಕಂಪೈಲರ್‌ನ ಎಲ್‌ಆರ್ ಪಾರ್ಸಿಂಗ್ ಟೇಬಲ್ ಕಟ್ಟುವುದನ್ನೇ ತೆಗೆದುಕೊಳ್ಳಿ. ವ್ಯಾಕರಣ ಬರೆದುಕೊಂಡು, ಸ್ಥಿತಿಗಳನ್ನು ಒಂದೊಂದಾಗಿ ಬಿಡಿಸಿ, ಟೇಬಲ್ ತುಂಬುವ ಹೊತ್ತಿಗೆ ಗಂಟೆ ಆಗಿಬಿಡುತ್ತದೆ. ಮೂರು ದಿನ ಬಿಟ್ಟು ಬಂದಾಗ ಆ ಸ್ಥಿತಿಗಳು ಏನೆಂದು ನೆನಪಿರುವುದಿಲ್ಲ, ಮತ್ತೆ ಮೊದಲಿನಿಂದ. ನೋಟ್‌ಬುಕ್ಕಿನಲ್ಲಿ ಅರ್ಧ ಬಿಡಿಸಿದ ಲೆಕ್ಕಗಳು ಸಾಲುಗಟ್ಟಿದ್ದರೆ ಈ ಪದ್ಧತಿಗೆ ಬೇಗ ಇಳಿದಿರಿ ಎಂದರ್ಥ. ಹಾಗೆಂದು ಇದನ್ನು ಎಸೆಯಬೇಡಿ, ಇದರ ಕಾಲ ಮುಂದೆ ಬರುತ್ತದೆ.

ಮೂರನೆಯದು ಜೋಡಿ ಪದ್ಧತಿ. ವಾರಕ್ಕೆ ಎರಡೇ ವಿಷಯ ಆಳವಾಗಿ, ಐದು ವಾರದಲ್ಲಿ ಹತ್ತೂ ಒಂದು ಸುತ್ತು. ಆದರೆ ಮುಗಿದ ವಿಷಯವನ್ನು ಬಿಟ್ಟುಬಿಡುವುದಿಲ್ಲ. ಮುಗಿದ ಮೂರನೇ ದಿನ, ಆಮೇಲೆ ಎಂಟು ದಿನಕ್ಕೆ, ಆಮೇಲೆ ಹದಿನಾರು ದಿನಕ್ಕೆ ಒಂದೊಂದು ಸಣ್ಣ ಮರುಪರೀಕ್ಷೆ. ಪರೀಕ್ಷೆ ದೂರವಿದ್ದಷ್ಟೂ ಎರಡು ಓದಿನ ನಡುವಿನ ಅಂತರ ಹೆಚ್ಚಿರಬೇಕು ಎಂಬುದು ನೆನಪಿನ ಬಗೆಗಿನ ಪ್ರಯೋಗಗಳಲ್ಲೂ ಕಂಡಿದೆ. 2008ರಲ್ಲಿ ಪ್ರಕಟವಾದ ಸೆಪೇಡ ಮತ್ತು ಸಂಗಡಿಗರ ಪ್ರಯೋಗದಲ್ಲಿ ಪರೀಕ್ಷೆ 35 ದಿನ ದೂರವಿದ್ದಾಗ ಸುಮಾರು 11 ದಿನದ ಅಂತರ ಹೆಚ್ಚು ಫಲ ಕೊಟ್ಟಿತ್ತು. ಅಲ್ಲಿ ನೆನಪಿಡಬೇಕಿದ್ದದ್ದು ಬಿಡಿ ಸಂಗತಿಗಳನ್ನು, ಲೆಕ್ಕಗಳನ್ನಲ್ಲ. ಆದ್ದರಿಂದ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ, ದಿಕ್ಕನ್ನು ತೆಗೆದುಕೊಂಡರೆ ಸಾಕು.

ಜೋಡಿ ಕಟ್ಟುವುದರಲ್ಲಿ ಸ್ವಲ್ಪ ಎಚ್ಚರ ಬೇಕು. ಆಪರೇಟಿಂಗ್ ಸಿಸ್ಟಮ್‌ನ ಪೇಜಿಂಗ್, ಕಂಪ್ಯೂಟರ್ ಆರ್ಗನೈಸೇಷನ್‌ನ ಕ್ಯಾಶ್ ಎರಡರಲ್ಲೂ ವಿಳಾಸವನ್ನು ತುಂಡು ಮಾಡುವ ಲೆಕ್ಕವಿದೆ. ಒಂದೇ ವಾರದಲ್ಲಿ ಎರಡನ್ನೂ ಇಟ್ಟರೆ ಪೇಜ್ ಆಫ್‌ಸೆಟ್ ಹೋಗಿ ಬ್ಲಾಕ್ ಆಫ್‌ಸೆಟ್ ಆಗುತ್ತದೆ. ಥಿಯರಿ ಆಫ್ ಕಂಪ್ಯೂಟೇಷನ್ ಕಂಪೈಲರ್‌ಗಿಂತ ಮುಂಚೆ ಬರಬೇಕು, ವ್ಯಾಕರಣ ಅಲ್ಲೇ ಗಟ್ಟಿಯಾಗುವುದು. ಹೀಗೆ ಮೊದಲ ವಾರ ಗಣಿತ ಮತ್ತು ಡಿಜಿಟಲ್ ಲಾಜಿಕ್, ಎರಡನೇ ವಾರ ನೆಟ್‌ವರ್ಕ್ಸ್ ಮತ್ತು ಥಿಯರಿ, ಮೂರನೇ ವಾರ ಡೇಟಾ ಸ್ಟ್ರಕ್ಚರ್ಸ್ ಮತ್ತು ಕಂಪೈಲರ್, ನಾಲ್ಕನೇ ವಾರ ಆಪರೇಟಿಂಗ್ ಸಿಸ್ಟಮ್ ಮತ್ತು ಡೇಟಾಬೇಸ್, ಐದನೇ ವಾರ ಅಲ್ಗಾರಿದಮ್ಸ್ ಮತ್ತು ಕಂಪ್ಯೂಟರ್ ಆರ್ಗನೈಸೇಷನ್. ಕೊನೆಯ ಜೋಡಿಗೆ ಎರಡೇ ಮರುಪರೀಕ್ಷೆ ಸಿಗುತ್ತವೆ, ಹಾಗಾಗಿ ಅಲ್ಲಿ ಬರಬೇಕಾದದ್ದು ನಿಮ್ಮ ಕೈ ಹಿಡಿದಿರುವ ವಿಷಯ. ಬೇಗ ಮರೆಯುವ, ಸೂತ್ರಗಳೇ ತುಂಬಿರುವ ವಿಷಯ ಮೊದಲ ವಾರಗಳಲ್ಲೇ ಬರಲಿ. ಆಪ್ಟಿಟ್ಯೂಡ್‌ಗೆ ದಿನಕ್ಕೆ 20 ನಿಮಿಷ ಸಾಕು.

ಮರುಪರೀಕ್ಷೆ ಎಂದರೆ ನೋಟ್ಸ್ ತಿರುವಿಹಾಕುವುದಲ್ಲ. ತಿರುವಿದಾಗ ಎಲ್ಲವೂ ಗೊತ್ತಿದ್ದಂತೆಯೇ ಕಾಣುತ್ತದೆ. ಹಳೆಯ ಗೇಟ್ ಪತ್ರಿಕೆಗಳಿಂದ ಆ ವಿಷಯದ 12 ಪ್ರಶ್ನೆ, 30 ನಿಮಿಷ, ಪುಸ್ತಕ ಮುಚ್ಚಿ. ಅದರಲ್ಲಿ ಹೆಚ್ಚಿನವು ಆಯ್ಕೆಗಳಿಲ್ಲದೆ ಸಂಖ್ಯೆಯನ್ನೇ ತುಂಬುವ ಪ್ರಶ್ನೆಗಳಾಗಿರಲಿ. ನಾಲ್ಕು ಉತ್ತರ ಎದುರಿಗಿದ್ದರೆ ಗುರುತು ಹಿಡಿದು ಪಾರಾಗಬಹುದು, ಖಾಲಿ ಚೌಕದ ಮುಂದೆ ಆಗುವುದಿಲ್ಲ. ಕ್ಯಾಲ್ಕುಲೇಟರ್ ಕೂಡ ಪರೀಕ್ಷೆಯಲ್ಲಿ ಪರದೆಯ ಮೇಲೆ ಬರುವಂಥದ್ದೇ ಇರಲಿ, ಕೈಯಲ್ಲಿ ಹಿಡಿಯುವುದಕ್ಕೆ ಅಲ್ಲಿ ಅವಕಾಶವಿಲ್ಲ. 12ರಲ್ಲಿ ಒಂಬತ್ತು ಅಥವಾ ಹೆಚ್ಚು ಸರಿಯಾದರೆ ಮೂರು, ಎಂಟು, ಹದಿನಾರರ ಸರದಿಯಲ್ಲಿ ಮುಂದಿನ ಅಂತರ. ಆರರಿಂದ ಎಂಟು ಬಂದರೆ ಅಷ್ಟೇ ಅಂತರ ಮತ್ತೊಮ್ಮೆ. ಆರಕ್ಕಿಂತ ಕಡಿಮೆಯಾದರೆ ಮರುದಿನ ಎರಡು ಗಂಟೆ ರಿಪೇರಿ, ಮೂರು ದಿನ ಬಿಟ್ಟು ಮತ್ತೆ ಪರೀಕ್ಷೆ.

ನೆಟ್‌ವರ್ಕ್ಸ್ ಹೇಗೆ ಸಾಗುತ್ತದೆ ನೋಡೋಣ. ಓದು ಡಿಸೆಂಬರ್ 15ರಿಂದ 20. ಮೊದಲ ಮರುಪರೀಕ್ಷೆ 23ಕ್ಕೆ. ಅದರಲ್ಲಿ ಈ ಲೆಕ್ಕ ಇದೆ ಎಂದುಕೊಳ್ಳಿ: ಸ್ಟಾಪ್ ಅಂಡ್ ವೇಟ್ ವಿಧಾನ, ಫ್ರೇಮ್ 1000 ಬೈಟ್, ಲಿಂಕ್ ವೇಗ 1 ಎಂಬಿಪಿಎಸ್, ಒಂದು ಕಡೆಯ ಪ್ರಸರಣ ವಿಳಂಬ 10 ಮಿಲಿಸೆಕೆಂಡ್, ಸ್ವೀಕೃತಿಯ ಗಾತ್ರ ಲೆಕ್ಕಕ್ಕಿಲ್ಲ. ದಕ್ಷತೆ ಎಷ್ಟು? 1000 ಬೈಟ್ ಎಂದರೆ 8000 ಬಿಟ್, ಕಳಿಸಲು 8 ಮಿಲಿಸೆಕೆಂಡ್. ಹೋಗಿಬರುವ ವಿಳಂಬ 20. ಹಾಗಾಗಿ 8/(8+20), ಅಂದರೆ ಶೇ. 28.57.

ತಪ್ಪು ಉತ್ತರ ಬಂದಾಗ ‘ತಪ್ಪಾಯಿತು’ ಎಂದು ಬರೆದು ಮುಂದೆ ಹೋದರೆ ಮರುಪರೀಕ್ಷೆಯ ಅರ್ಧ ಲಾಭ ಹೋಯಿತು. ತಪ್ಪಿನ ಸಂಖ್ಯೆಯೇ ರೋಗ ಹೇಳುತ್ತದೆ. 44.44 ಬಂದಿದ್ದರೆ ವಿಳಂಬವನ್ನು ಒಂದೇ ಕಡೆಗೆ ಹಿಡಿದಿದ್ದೀರಿ, ಸೂತ್ರದ 1/(1+2a)ದಲ್ಲಿನ 2 ಮರೆತಿದೆ. ಇದು ನೆನಪಿನ ತಪ್ಪು, ಅಂತರ ಕಡಿಮೆ ಮಾಡಿದರೆ ಸರಿಹೋಗುತ್ತದೆ. 4.76 ಬಂದಿದ್ದರೆ ಬೈಟನ್ನು ಬಿಟ್ ಮಾಡಿಲ್ಲ. 27.61 ಬಂದಿದ್ದರೆ ಲಿಂಕ್ ವೇಗದ ಮೆಗಾವನ್ನು ಹತ್ತರ ಆರನೇ ಘಾತಕ್ಕೆ ಬದಲು ಎರಡರ ಇಪ್ಪತ್ತನೇ ಘಾತವಾಗಿ ಹಿಡಿದಿದ್ದೀರಿ. ಇವೆರಡೂ ಎಡವಿದ ತಪ್ಪುಗಳು. ನೆಟ್‌ವರ್ಕ್ಸ್ ಅಧ್ಯಾಯವನ್ನು ಇನ್ನೊಂದು ಸಲ ಓದಿದರೆ ಹೋಗುವಂಥವಲ್ಲ. ಉತ್ತರ ತುಂಬುವ ಮುನ್ನ ಘಟಕ ನೋಡುವ ರೂಢಿಯಿಂದ ಮಾತ್ರ ಹೋಗುತ್ತವೆ. ಎಲ್ಲಿಂದ ಶುರುಮಾಡಬೇಕೆಂದೇ ತೋಚದೆ ಚೌಕ ಖಾಲಿ ಬಿಟ್ಟಿದ್ದರೆ ಅದು ತಿಳಿಯದ್ದು, ಪುಸ್ತಕಕ್ಕೆ ಮರಳಬೇಕಾದದ್ದು ಆಗ ಮಾತ್ರ. ಹೆಚ್ಚಿನವರು ಮೂರಕ್ಕೂ ಪುಸ್ತಕದ ಮದ್ದೇ ಕುಡಿಯುತ್ತಾರೆ, ಗಂಟೆಗಳು ಅಲ್ಲೇ ಸೋರಿಹೋಗುತ್ತವೆ.

23ರಂದು ಒಂಬತ್ತು ಸರಿಬಂದರೆ ಎರಡನೆಯದು ಡಿಸೆಂಬರ್ 31ಕ್ಕೆ. ಊರೆಲ್ಲ ಹೊಸ ವರ್ಷದ ಗದ್ದಲದಲ್ಲಿರುವಾಗ ಅರ್ಧ ಗಂಟೆ ಹೊಂದಿಸುವುದು ಕಷ್ಟವಲ್ಲ. ಮೂರನೆಯದು ಜನವರಿ 16ಕ್ಕೆ, ಸಂಕ್ರಾಂತಿಗೆ ಊರಿಗೆ ಹೋದವರು ಅಲ್ಲೇ ಇರುವ ದಿನ. 12 ಪ್ರಶ್ನೆಯ ಹಾಳೆಯನ್ನು ಮೊದಲೇ ಪ್ರಿಂಟ್ ಮಾಡಿ ಚೀಲಕ್ಕೆ ಹಾಕಿಕೊಂಡರೆ ಆಯಿತು. ಎರಡು ದಿನ ಹಿಂದೆಮುಂದೆ ಆದರೂ ನಷ್ಟವಿಲ್ಲ. ನಷ್ಟವಾಗುವುದು ತಪ್ಪಿಹೋದ ನಾಲ್ಕೈದು ಮರುಪರೀಕ್ಷೆಗಳನ್ನು ಒಂದೇ ಭಾನುವಾರಕ್ಕೆ ಗುಡ್ಡೆ ಹಾಕಿದಾಗ. ಹಾಗಾದರೆ ಹಳೆಯದನ್ನು ಬಿಟ್ಟು ಅಂಕ ಕಡಿಮೆ ಬಂದಿದ್ದ ಎರಡನ್ನಷ್ಟೇ ಮಾಡಿ.

ಗಂಟೆಗಳ ಮಾತು. ವಾರದ 29ರಲ್ಲಿ ಮರುಪರೀಕ್ಷೆ ಮತ್ತು ಅದರ ತಿದ್ದುಪಡಿಗೆ ಮೂರು, ಆಪ್ಟಿಟ್ಯೂಡ್‌ಗೆ ಎರಡು. ಉಳಿದ 24 ಗಂಟೆ ಜೋಡಿಗೆ. ಪೂರ್ಣ ಮಾಕ್ ಇಟ್ಟ ವಾರ ಬರೆಯಲು ಮೂರು, ಬಿಡಿಸಿ ನೋಡಲು ನಾಲ್ಕು ಗಂಟೆ ಹೋಗಿ 17 ಉಳಿಯುತ್ತದೆ. ಆದ್ದರಿಂದ ಮೊದಲ ಐದು ವಾರದಲ್ಲಿ ಎರಡೇ ಮಾಕ್ ಸಾಕು, ಅದೂ ಹಗುರ ಜೋಡಿಯ ವಾರಗಳಲ್ಲಿ. ಸಾಲು ಪದ್ಧತಿಯಲ್ಲಿ ಮಾಕ್ ಎಲ್ಲವೂ ಕೊನೆಗೆ ಬೀಳುತ್ತವೆ, ಅಲ್ಲಿ ಕಂಡ ತಪ್ಪನ್ನು ತಿದ್ದಲು ದಿನಗಳೇ ಇರುವುದಿಲ್ಲ. ಹೋಲಿಕೆಯಲ್ಲಿ ನನಗೆ ಇದೇ ಮುಖ್ಯ ವ್ಯತ್ಯಾಸವಾಗಿ ಕಾಣುತ್ತದೆ.

ಜನವರಿ 12ರಿಂದ 21ರವರೆಗೆ ಹೊಸ ಜೋಡಿ ಇಲ್ಲ. ಮರುಪರೀಕ್ಷೆಯಲ್ಲಿ ಸೋತ ಅಧ್ಯಾಯಗಳು ಮತ್ತು ಒಂದು ಮಾಕ್, ಅಷ್ಟೇ. 22ರಿಂದ ಸುತ್ತು ಪದ್ಧತಿಯ ಕಾಲ. ಈಗ ಒಂದು ಗಂಟೆ ಸಾಕಾಗುತ್ತದೆ, ಏಕೆಂದರೆ ಕಟ್ಟುವ ಕೆಲಸ ಮುಗಿದು ಉಜ್ಜುವುದಷ್ಟೇ ಉಳಿದಿದೆ. ದಿನಕ್ಕೆ ಮೂರು ವಿಷಯ, ಪ್ರಶ್ನೆಗಳನ್ನು ವಿಷಯವಾರು ಜೋಡಿಸದೆ ಕಲಸಿ. ಮಾಕ್‌ಗೆ ಜನವರಿ 24, 25, 26 ಒಟ್ಟಿಗೆ ರಜೆ ಸಿಗುತ್ತದೆ, ಆಮೇಲೆ 31 ಮತ್ತು ಫೆಬ್ರವರಿ 1. ಈ ಐದರಲ್ಲಿ ಋಣ ಅಂಕವನ್ನೂ ಲೆಕ್ಕ ಹಾಕಿ. ಒಂದೇ ಉತ್ತರ ಆರಿಸುವ ಪ್ರಶ್ನೆ ತಪ್ಪಿದರೆ ಒಂದು ಅಂಕದ್ದಕ್ಕೆ ಮೂರನೇ ಒಂದು, ಎರಡು ಅಂಕದ್ದಕ್ಕೆ ಮೂರನೇ ಎರಡು ಕಳೆಯುತ್ತದೆ. ಸಂಖ್ಯೆ ತುಂಬುವ ಮತ್ತು ಹಲವು ಉತ್ತರ ಆರಿಸುವ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಟ್ಟು ಬರುವುದರಲ್ಲಿ ಅರ್ಥವಿಲ್ಲ.

ಸಾಲು ಪದ್ಧತಿಗೂ ಒಂದು ಜಾಗ ಇದೆ. ಯಾವುದೋ ವಿಷಯವನ್ನು ಮೊದಲ ಓದಿಗೇ ಬಿಟ್ಟಿದ್ದರೆ, ಉದಾಹರಣೆಗೆ ಕಂಪೈಲರ್ ಮುಟ್ಟಿಯೇ ಇಲ್ಲ ಎಂದರೆ, ಅದಕ್ಕೆ ಐದು ದಿನ ಒಟ್ಟಿಗೆ ಕೊಡದೆ ಗತಿಯಿಲ್ಲ. ಆ ಐದು ದಿನ ಡಿಸೆಂಬರ್‌ನಲ್ಲೇ ಬರಬೇಕು. ಜನವರಿ 20ರ ನಂತರ ಮುಟ್ಟದ ವಿಷಯ ತೆರೆಯುವುದು ಬೇಡ. ಅದೇ ಗಂಟೆಗಳನ್ನು 12ಕ್ಕೆ ಏಳೆಂಟರಲ್ಲಿ ನಿಂತಿರುವ ವಿಷಯಕ್ಕೆ ಹಾಕಿ.